ಸೀಸದ ಎರಡು ಇಲೆಕ್ಟ್ರಾನು ಮಾಡೋ ಕೆಲಸ: ಪೆರೋವ್‌ಸ್ಕೈಟ್‌ನಲ್ಲಿ ಡಿಫೆಕ್ಟ್ ಯಾಕೆ ಅಷ್ಟು ಕಾಟ ಕೊಡಲ್ಲ?

ಪ್ರಶ್ನೆ: ಸರ್, ನಾನು ಎಂ.ಎಸ್ಸಿ ಫಿಸಿಕ್ಸ್ ಓದ್ತಿದ್ದೀನಿ. ಸಿಲಿಕಾನ್ ಸೋಲಾರ್ ಸೆಲ್‌ಗೆ ಅಷ್ಟೊಂದು ಶುದ್ಧವಾದ ಕ್ರಿಸ್ಟಲ್ ಬೇಕು ಅಂತ ಓದಿದೀವಿ, ಆದ್ರೆ ಹ್ಯಾಲೈಡ್ ಪೆರೋವ್‌ಸ್ಕೈಟ್‌ನ ದ್ರಾವಣದಿಂದ ಗಾಜಿನ ಮೇಲೆ ಹಾಕಿ 100 ಡಿಗ್ರೀಲಿ ಕಾಯಿಸಿದ್ರೆ ಸಾಕು, ಡಿಫೆಕ್ಟ್ ತುಂಬಾ ಇದ್ರೂ ಸೆಲ್ ಚೆನ್ನಾಗಿ ಕೆಲಸ ಮಾಡತ್ತಂತೆ. ಅದು ಹೇಗೆ ಸಾಧ್ಯ? ಇನ್ನೊಂದು, ಬಿಸಿಯಾದ್ರೆ ಬೇರೆ ಸೆಮಿಕಂಡಕ್ಟರ್‌ಗಳ ಬ್ಯಾಂಡ್‌ಗ್ಯಾಪ್ ಕಮ್ಮಿ ಆಗತ್ತೆ, ಇದರದ್ದು ಜಾಸ್ತಿ ಆಗತ್ತಂತೆ. ಇವೆರಡಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಉತ್ತರ:

ಸಂಬಂಧ ಇದೆ, ಮತ್ತು ಈ ಎರಡನ್ನೂ ಒಟ್ಟಿಗೆ ಕೇಳಿದ್ದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ಬಹಳಷ್ಟು ಕಡೆ ಇವನ್ನ ಬೇರೆ ಬೇರೆ ವಿಚಿತ್ರಗಳು ಅನ್ನೋ ಹಾಗೆ ಹೇಳಿ ಬಿಟ್ಟುಬಿಡ್ತಾರೆ. ಎರಡಕ್ಕೂ ಬೇರು ಒಂದೇ ಜಾಗದಲ್ಲಿದೆ, ಅದು ಸೀಸದ ಅಯಾನಿನ 6s ಆರ್ಬಿಟಲ್‌ನಲ್ಲಿ ಕೂತಿರೋ ಎರಡು ಇಲೆಕ್ಟ್ರಾನು. ಮಾತಾಡೋಕೆ ಒಂದೇ ವಸ್ತು ಇಟ್ಕೊಳ್ಳೋಣ, ಮೀಥೈಲ್ ಅಮೋನಿಯಂ ಲೆಡ್ ಅಯೊಡೈಡ್, ಅಂದ್ರೆ CH3NH3PbI3. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ಗುಂಪು ಮೊದಲ ಸಲ ಸೋಲಾರ್ ಸೆಲ್‌ನಲ್ಲಿ ಬಳಸಿ 3.8% ಎಫಿಶಿಯೆನ್ಸಿ ತೋರಿಸಿದ್ದು ಇದನ್ನೇ. ಈಗ ಒಳ್ಳೇ ಸೆಲ್‌ಗಳು ಹೆಚ್ಚಾಗಿ ಫಾರ್ಮಮಿಡಿನಿಯಂ ಹಾಕಿದ ಮಿಶ್ರಣಗಳಿಂದ ಆಗತ್ವೆ, 26% ದಾಟಿವೆ, ಆದ್ರೆ ಬ್ಯಾಂಡ್ ಅಂಚಿನ ಕತೆ ಎಲ್ಲದರಲ್ಲೂ ಹೆಚ್ಚುಕಮ್ಮಿ ಇದೇ.

ಮೊದ್ಲು "ಡಿಫೆಕ್ಟ್ ಇದ್ರೂ ಪರವಾಗಿಲ್ಲ" ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡ್ಬೇಕು. ಡಿಫೆಕ್ಟ್ ಎಷ್ಟಿದೆ ಅನ್ನೋದಕ್ಕಿಂತ ಅದರ ಎನರ್ಜಿ ಲೆವೆಲ್ ಬ್ಯಾಂಡ್‌ಗ್ಯಾಪ್‌ನಲ್ಲಿ ಎಲ್ಲಿ ಬರತ್ತೆ ಅನ್ನೋದು ಮುಖ್ಯ. ಬೆಳಕು ಬಿದ್ದಾಗ ಇಲೆಕ್ಟ್ರಾನ್ ಕಂಡಕ್ಷನ್ ಬ್ಯಾಂಡಿಗೆ ಹೋಗತ್ತೆ, ವೇಲೆನ್ಸ್ ಬ್ಯಾಂಡಲ್ಲಿ ಹೋಲ್ ಉಳಿಯತ್ತೆ, ಇವೆರಡೂ ಬೇರೆ ಬೇರೆ ಇಲೆಕ್ಟ್ರೋಡ್ ಸೇರೋ ತನಕ ಬದುಕಿರಬೇಕು. ದಾರೀಲಿ ಇಲೆಕ್ಟ್ರಾನ್ ಒಂದು ಟ್ರಾಪ್‌ಗೆ, ಅಂದ್ರೆ ಗ್ಯಾಪ್ ಒಳಗಿರೋ ಡಿಫೆಕ್ಟ್ ಲೆವೆಲ್‌ಗೆ, ಬಿತ್ತು ಅನ್ಕೊಳ್ಳಿ. ಅಲ್ಲಿಂದ ಮತ್ತೆ ಮೇಲೆ ಬರೋಕೆ ಲ್ಯಾಟಿಸ್‌ನ ಕಂಪನದಿಂದ ಶಕ್ತಿ ಸಿಗಬೇಕು, ಅದು ಸಿಗೋ ಸಾಧ್ಯತೆ ಟ್ರಾಪ್‌ನ ಆಳ ಹೆಚ್ಚಾದ ಹಾಗೆ ಎಕ್ಸ್‌ಪೊನೆನ್ಷಿಯಲ್ ಆಗಿ ಇಳಿಯತ್ತೆ. ರೂಮ್ ಟೆಂಪರೇಚರ್‌ನಲ್ಲಿ kT ಅಂದ್ರೆ ಸುಮಾರು 0.026 ಇಲೆಕ್ಟ್ರಾನ್ ವೋಲ್ಟ್, ಸೆಕೆಂಡಿಗೆ 10^12 ಸಲ ಪ್ರಯತ್ನ ಪಡತ್ತೆ ಅಂತ ಒಂದು ಒರಟು ಲೆಕ್ಕ ಇಟ್ಕೊಳ್ಳಿ. ಟ್ರಾಪ್ 0.05 ಇಲೆಕ್ಟ್ರಾನ್ ವೋಲ್ಟ್ ಆಳದಲ್ಲಿದ್ರೆ ಇಲೆಕ್ಟ್ರಾನ್ ಸುಮಾರು 7 ಪಿಕೊಸೆಕೆಂಡಲ್ಲಿ ವಾಪಸ್ ಎದ್ದು ಬರತ್ತೆ, ಅಷ್ಟರಲ್ಲಿ ಒಂದು ಹೋಲ್ ಅಲ್ಲಿಗೆ ಬಂದು ಸೇರೋದು ಅಪರೂಪ. ಅದೇ ಟ್ರಾಪ್ 0.8 ಇಲೆಕ್ಟ್ರಾನ್ ವೋಲ್ಟ್ ಆಳ, ಅಂದ್ರೆ ಈ ವಸ್ತುವಿನ 1.6ರ ಗ್ಯಾಪ್‌ನ ನಟ್ಟನಡುವೆ ಇದ್ರೆ, ಎದ್ದು ಬರೋಕೆ ಹತ್ತಿರ ಹತ್ತಿರ ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಹೋಲ್ ಬಂದೇ ಬರತ್ತೆ, ಇಬ್ಬರೂ ಸೇರಿ ಮುಗೀತು, ಆ ಶಕ್ತಿ ಶಾಖವಾಗಿ ಹೋಯ್ತು. ಹಾಗಾಗಿ ಡಿಫೆಕ್ಟ್ ಟಾಲರೆನ್ಸ್ ಅಂದ್ರೆ "ಡಿಫೆಕ್ಟೇ ಇಲ್ಲ" ಅಂತ ಅಲ್ಲ, "ಸುಲಭವಾಗಿ ಹುಟ್ಟೋ ಡಿಫೆಕ್ಟ್‌ಗಳ ಲೆವೆಲ್ ಗ್ಯಾಪ್ ಮಧ್ಯಕ್ಕೆ ಬರಲ್ಲ" ಅಂತ. ಈ "ಸುಲಭವಾಗಿ ಹುಟ್ಟೋ" ಅನ್ನೋದನ್ನ ಮರೀಬೇಡಿ, ಮುಂದೆ ಬೇಕಾಗತ್ತೆ.

ಈಗ ಲೆವೆಲ್ ಎಲ್ಲಿ ಬರತ್ತೆ ಅನ್ನೋದನ್ನ ಯಾವುದು ನಿರ್ಧಾರ ಮಾಡತ್ತೆ? ಗ್ಯಾಲಿಯಂ ಆರ್ಸೆನೈಡ್ ತಗೊಳ್ಳಿ, ನಿಮ್ಮ ಸಿಲಬಸ್‌ನಲ್ಲೇ ಇರತ್ತೆ. ಅಲ್ಲಿ ಗ್ಯಾಲಿಯಂ ಆರ್ಬಿಟಲ್ ಮತ್ತೆ ಆರ್ಸೆನಿಕ್ ಆರ್ಬಿಟಲ್ ಸೇರಿ ಒಂದು ಬಾಂಡಿಂಗ್ ಸ್ಥಿತಿ ಕೆಳಗಡೆ, ಒಂದು ಆಂಟಿಬಾಂಡಿಂಗ್ ಸ್ಥಿತಿ ಮೇಲ್ಗಡೆ ಹೋಗತ್ವೆ. ಕೆಳಗಿನದು ತುಂಬಿದೆ, ಅದೇ ವೇಲೆನ್ಸ್ ಬ್ಯಾಂಡ್, ಮೇಲಿನದು ಖಾಲಿ, ಅದೇ ಕಂಡಕ್ಷನ್ ಬ್ಯಾಂಡ್. ಅಂದ್ರೆ ಗ್ಯಾಪ್ ಹುಟ್ಟಿದ್ದೇ ಬಾಂಡಿಂಗ್ ಮತ್ತು ಆಂಟಿಬಾಂಡಿಂಗ್ ನಡುವೆ. ಈಗ ಒಂದು ಪರಮಾಣು ಕಿತ್ತು ಹಾಕಿದ್ರೆ ಪಕ್ಕದ ಪರಮಾಣುಗಳಿಗೆ ಜೊತೆ ಇಲ್ಲ, ಅವುಗಳ ಆರ್ಬಿಟಲ್ ಬಾಂಡ್ ಆಗೋಕೆ ಮುಂಚೆ ಇದ್ದ ಎನರ್ಜಿ ಹತ್ತಿರಕ್ಕೆ ವಾಪಸ್ ಬರತ್ತೆ, ಆ ಎನರ್ಜಿ ಎಲ್ಲಿದೆ ಅಂದ್ರೆ ಬಾಂಡಿಂಗ್‌ಗೂ ಆಂಟಿಬಾಂಡಿಂಗ್‌ಗೂ ಮಧ್ಯೆ, ಸರಿಯಾಗಿ ಗ್ಯಾಪ್ ಒಳಗೆ. ಸಿಲಿಕಾನ್‌ನ ಡ್ಯಾಂಗ್ಲಿಂಗ್ ಬಾಂಡ್ ಕತೆಯೂ ಇದೇ. ಅದಕ್ಕೇ ಈ ವಸ್ತುಗಳಲ್ಲಿ ಪ್ರತಿಯೊಂದು ಮುರಿದ ಬಾಂಡೂ ಅನುಮಾನಕ್ಕೆ ಯೋಗ್ಯ, ಗ್ರೇನ್ ಬೌಂಡರಿ, ಸರ್ಫೇಸ್ ಎಲ್ಲಾ ತಲೆನೋವು.

ಪೆರೋವ್‌ಸ್ಕೈಟ್‌ನಲ್ಲಿ ಈ ಜೋಡಣೆಯೇ ಬೇರೆ. CH3NH3PbI3 ಒಳಗೆ ಪ್ರತಿ ಸೀಸದ ಸುತ್ತ ಆರು ಅಯೋಡಿನ್ ಇರತ್ವೆ, ಆಕ್ಟಹೀಡ್ರನ್ ಥರ, ಆ ಆಕ್ಟಹೀಡ್ರನ್‌ಗಳು ಮೂಲೆ ಮೂಲೆ ಹಂಚ್ಕೊಂಡು ಮೂರೂ ದಿಕ್ಕಿಗೆ ಹರಡಿರತ್ವೆ, ಮಧ್ಯದ ಖಾಲಿ ಜಾಗದಲ್ಲಿ ಮೀಥೈಲ್ ಅಮೋನಿಯಂ ಕೂತಿರತ್ತೆ. ಆ ಮಾಲಿಕ್ಯೂಲ್‌ನ ಸ್ವಂತ ಆರ್ಬಿಟಲ್‌ಗಳು ಬ್ಯಾಂಡ್ ಅಂಚಿನಿಂದ ಬಹಳ ದೂರ ಇವೆ, ಹಾಗಾಗಿ ಅಂಚಿನ ವಿಷಯಕ್ಕೆ ಸೀಸ ಮತ್ತೆ ಅಯೋಡಿನ್ ಎರಡೇ ಸಾಕು. ಸೀಸ ಇಲ್ಲಿ Pb2+, ತನ್ನ 6p ಇಲೆಕ್ಟ್ರಾನ್ ಎರಡನ್ನ ಕೊಟ್ಟಿದೆ, 6s ಎರಡನ್ನ ಇಟ್ಕೊಂಡಿದೆ. ಗ್ಯಾಲಿಯಂ ಥರದ ಮಾಮೂಲಿ ಕೇಸಲ್ಲಿ ಕ್ಯಾಟಯಾನ್‌ನ s ಖಾಲಿ ಇರತ್ತೆ, ಕಂಡಕ್ಷನ್ ಬ್ಯಾಂಡ್ ಅದರಿಂದಾನೇ ಆಗೋದು. ಇಲ್ಲಿ s ತುಂಬಿದೆ. ತುಂಬಿದ Pb 6s, ತುಂಬಿದ I 5p ಜೊತೆ ಸೇರಿದಾಗ ಬಾಂಡಿಂಗ್ ಸ್ಥಿತಿಯೂ ತುಂಬತ್ತೆ, ಆಂಟಿಬಾಂಡಿಂಗ್ ಸ್ಥಿತಿಯೂ ತುಂಬತ್ತೆ. ಬಾಂಡಿಂಗ್ ಭಾಗ ವೇಲೆನ್ಸ್ ಬ್ಯಾಂಡ್‌ನ ತುಂಬಾ ಕೆಳಗೆ ಹೋಗಿ ಕೂರತ್ತೆ, ಆಂಟಿಬಾಂಡಿಂಗ್ ಭಾಗ ಮೇಲೆ ತಳ್ಳಿಸಿಕೊಂಡು ವೇಲೆನ್ಸ್ ಬ್ಯಾಂಡ್‌ನ ತುತ್ತತುದಿ ಆಗತ್ತೆ. ಗಮನಿಸಿ, ತುಂಬಿದ ಬ್ಯಾಂಡ್‌ನ ತುದಿಯೇ ಆಂಟಿಬಾಂಡಿಂಗ್. ಖಾಲಿ ಇರೋ Pb 6p ಕಂಡಕ್ಷನ್ ಬ್ಯಾಂಡ್‌ನ ತಳ ಆಗತ್ತೆ. ಸರಳ ಕ್ಯೂಬಿಕ್ ರಚನೇಲಿ ಈ ಎರಡೂ ಅಂಚು ಬ್ರಿಲ್ವಾಂ ಝೋನ್‌ನ R ಬಿಂದುವಲ್ಲೇ ಬರತ್ವೆ, ಅದರಿಂದ ಗ್ಯಾಪ್ ಡೈರೆಕ್ಟ್, ಅರ್ಧ ಮೈಕ್ರಾನ್ ದಪ್ಪದ ಫಿಲ್ಮ್ ಸಾಕು ಬೆಳಕು ಹೀರೋಕೆ.

R ಯಾಕೆ ಅಂತ ಒಂದು ಸಲ ಪೇಪರ್ ಮೇಲೆ ಚಿತ್ರ ಬರೆದು ನೋಡಿ, ನಿಜವಾಗ್ಲೂ ಚೆನ್ನಾಗಿದೆ. Γ ಬಿಂದುವಲ್ಲಿ ಎಲ್ಲಾ ಸೀಸದ s ಆರ್ಬಿಟಲ್‌ಗೂ ಒಂದೇ ಚಿಹ್ನೆ, ಎರಡು ಸೀಸದ ಮಧ್ಯೆ ಇರೋ ಅಯೋಡಿನ್‌ನ p ಆರ್ಬಿಟಲ್‌ಗೆ ಒಂದು ಕಡೆ ಪ್ಲಸ್ ಇನ್ನೊಂದು ಕಡೆ ಮೈನಸ್, ಹಾಗಾಗಿ ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಕಳೆದುಹೋಗತ್ತೆ, ಮಿಕ್ಸ್ ಆಗೋದೇ ಇಲ್ಲ. R ಬಿಂದುವಲ್ಲಿ ಪಕ್ಕಪಕ್ಕದ ಸೀಸದ ಚಿಹ್ನೆ ಉಲ್ಟಾ ಆಗತ್ತೆ, ಆಗ p ಆರ್ಬಿಟಲ್‌ನ ಎರಡೂ ಕಿವಿ ತಾಗೋ ಕಡೆ ಆಂಟಿಬಾಂಡಿಂಗ್ ಆಗೋ ಹಾಗೆ ಕೂರಿಸಬಹುದು. ಅಂದ್ರೆ Γಯಿಂದ Rಗೆ ಹೋಗ್ತಾ ಮಿಕ್ಸಿಂಗ್ ಸೊನ್ನೆಯಿಂದ ಪೂರ್ತಿಗೆ ಏರತ್ತೆ, ಬ್ಯಾಂಡ್ ಕಡಿದಾಗಿ ಮೇಲೇರತ್ತೆ, ಕಡಿದಾದ ಬ್ಯಾಂಡ್ ಅಂದ್ರೆ ಹಗುರ ಹೋಲ್. ಮಾಮೂಲಿ ಸೆಮಿಕಂಡಕ್ಟರ್‌ಗಳಲ್ಲಿ ಹೋಲ್ ಇಲೆಕ್ಟ್ರಾನ್‌ಗಿಂತ ಬಹಳ ಭಾರ, ಇಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ತೂಕ. ಮ್ಯಾಗ್ನೆಟಿಕ್ ಫೀಲ್ಡ್‌ನಲ್ಲಿ ಅಳೆದಾಗ ಸಿಕ್ಕ ರೆಡ್ಯೂಸ್ಡ್ ಮಾಸ್ ಇಲೆಕ್ಟ್ರಾನ್ ಮಾಸ್‌ನ ಸುಮಾರು 0.1 ಭಾಗ.

ಈಗ ಎರಡು ಡಿಫೆಕ್ಟ್‌ನ ಕೈಲಿ ಹಿಡಿದು ನೋಡೋಣ. ಮೊದಲನೇದು ಸೀಸದ ವೇಕೆನ್ಸಿ. ಒಂದು ಸೀಸ ಹೋಯ್ತು, ಸುತ್ತ ಇದ್ದ ಆರು ಅಯೋಡಿನ್‌ನ p ಆರ್ಬಿಟಲ್‌ಗಳು ಆ ಕಡೆಗೆ ಒಂಟಿಯಾದ್ವು. ಒಂಟಿಯಾದ ಅಯೋಡಿನ್ p ಎನರ್ಜಿ ಎಲ್ಲಿ ಇರತ್ತೆ? ಸೀಸದ s ಬಂದು ಮೇಲಕ್ಕೆ ತಳ್ಳೋಕೆ ಮುಂಚೆ ಎಲ್ಲಿತ್ತೋ ಅಲ್ಲಿ, ಅಂದ್ರೆ ವೇಲೆನ್ಸ್ ಬ್ಯಾಂಡ್‌ನ ತುದಿಗಿಂತ ಕೆಳಗೆ, ಬ್ಯಾಂಡ್ ಒಳಗೇನೇ. ಬಾಂಡ್ ಮುರಿದಿದ್ದಕ್ಕೆ ಲೆವೆಲ್ ಗ್ಯಾಪ್ ಒಳಗೆ ಬರೋ ಬದಲು ಬ್ಯಾಂಡ್ ಒಳಗೆ ಮುಳುಗೋಯ್ತು. ಸೀಸದ ವೇಕೆನ್ಸಿ ಬರೀ ಒಂದು ಶ್ಯಾಲೋ ಅಕ್ಸೆಪ್ಟರ್ ಆಗಿ ಉಳಿಯತ್ತೆ, ಸ್ವಲ್ಪ p ಟೈಪ್ ಮಾಡತ್ತೆ ಅಷ್ಟೇ. ಎರಡನೇದು ಅಯೋಡಿನ್ ವೇಕೆನ್ಸಿ. ಒಂದು ಅಯೋಡಿನ್ ಹೋದ್ರೆ ಎರಡು ಸೀಸ ಎದುರುಬದುರಾಗತ್ವೆ, ಎರಡಕ್ಕೂ ಖಾಲಿ 6p. ಅವೆರಡೂ ಕೈ ಹಿಡ್ಕೊಂಡು ಸೀಸ ಸೀಸದ ಬಾಂಡ್ ಮಾಡ್ಕೊಂಡಿದ್ರೆ ಆಳದ ಟ್ರಾಪ್ ಆಗ್ತಿತ್ತು, ಆದ್ರೆ ಮಧ್ಯೆ ದೂರ ಸುಮಾರು 6.3 ಆಂಗ್‌ಸ್ಟ್ರಾಮ್, ಅಷ್ಟು ದೂರಕ್ಕೆ ಬಾಂಡ್ ಬಲ ಇಲ್ಲದಷ್ಟು ಕಮ್ಮಿ. ಹಾಗಾಗಿ ಆ ಲೆವೆಲ್ ಕಂಡಕ್ಷನ್ ಬ್ಯಾಂಡ್ ತಳದ ಆಸುಪಾಸಲ್ಲೇ ಅಥವಾ ಬ್ಯಾಂಡ್ ಒಳಗೇ ಇರತ್ತೆ, ಶ್ಯಾಲೋ ಡೋನರ್. ಇಲ್ಲಿ ಸೀಸದ ತೂಕವೂ ಸಹಾಯ ಮಾಡತ್ತೆ, ಅದನ್ನ ಈಗ ಹೇಳ್ತೀನಿ.

ಸೀಸದ ಅಟಾಮಿಕ್ ನಂಬರ್ 82, ಅಷ್ಟು ಭಾರದ ಪರಮಾಣುವಲ್ಲಿ ಸ್ಪಿನ್ ಆರ್ಬಿಟ್ ಕಪ್ಲಿಂಗ್ ಸಣ್ಣ ತಿದ್ದುಪಡಿ ಅಲ್ಲ. ಅದು 6p ಬ್ಯಾಂಡನ್ನ ಎರಡಾಗಿ ಸೀಳತ್ತೆ, j=1/2 ಭಾಗ ಕೆಳಗೆ, j=3/2 ಭಾಗ ಮೇಲೆ. ಕಂಡಕ್ಷನ್ ಬ್ಯಾಂಡ್ ತಳ ಆಗೋದು ಕೆಳಗಿಳಿದ j=1/2, ಇದರಿಂದ ಗ್ಯಾಪ್ ಹತ್ತಿರ ಹತ್ತಿರ 1 ಇಲೆಕ್ಟ್ರಾನ್ ವೋಲ್ಟ್‌ನಷ್ಟು ಕಮ್ಮಿ ಆಗತ್ತೆ. ಬ್ಯಾಂಡ್ ತಳಾನೇ ಹೀಗೆ ಕೆಳಗಿಳಿದಿರೋದ್ರಿಂದ ಅಯೋಡಿನ್ ವೇಕೆನ್ಸಿಯ ಲೆವೆಲ್‌ಗೆ ಗ್ಯಾಪ್ ಒಳಗೆ ಕಾಣಿಸ್ಕೊಳ್ಳೋಕೆ ಜಾಗ ಇನ್ನೂ ಕಮ್ಮಿ.

ನೀವು ಮುಂದೆ ಕಂಪ್ಯೂಟೇಷನ್ ಕಡೆ ಹೋಗೋರಾದ್ರೆ ಇಲ್ಲಿ ಒಂದು ಬಲೆ ಇದೆ, ಅದನ್ನ ಈಗ್ಲೇ ಹೇಳಿಬಿಡ್ತೀನಿ. CH3NH3PbI3ಗೆ ಸಾಧಾರಣ ಡಿಎಫ್‌ಟಿ ಕ್ಯಾಲ್ಕುಲೇಷನ್, ಅಂದ್ರೆ ಇಲೆಕ್ಟ್ರಾನ್ ಡೆನ್ಸಿಟಿ ಇಟ್ಕೊಂಡು ಬ್ಯಾಂಡ್ ಲೆಕ್ಕ ಹಾಕೋ ವಿಧಾನ, ಓಡಿಸಿ, PBE ಥರದ ಫಂಕ್ಷನಲ್, ಸ್ಪಿನ್ ಆರ್ಬಿಟ್ ಹಾಕ್ಬೇಡಿ, ಗ್ಯಾಪ್ 1.6ರ ಹತ್ತಿರ ಬರತ್ತೆ, ಪ್ರಯೋಗದ ಬೆಲೆಗೆ ಸರಿಯಾಗಿ. ನೋಡಿ ಖುಷಿ ಆಗತ್ತೆ. ಆದ್ರೆ ಇದು ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿರೋದು, ಡಿಎಫ್‌ಟಿ ಗ್ಯಾಪನ್ನ ಕಮ್ಮಿ ತೋರಿಸೋದು ಅದರ ಹಳೇ ಅಭ್ಯಾಸ, ಸ್ಪಿನ್ ಆರ್ಬಿಟ್ ಬಿಟ್ಟಿದ್ದಕ್ಕೆ ಗ್ಯಾಪ್ ಜಾಸ್ತಿ ಬಂತು, ಎರಡೂ ಸುಮಾರು 1 ಇಲೆಕ್ಟ್ರಾನ್ ವೋಲ್ಟ್. ಸ್ಪಿನ್ ಆರ್ಬಿಟ್ ಸೇರಿಸಿದ ತಕ್ಷಣ ಗ್ಯಾಪ್ 0.5, 0.6ಕ್ಕೆ ಬಿದ್ದುಹೋಗತ್ತೆ, ಅದರ ಮೇಲೆ GW ಥರದ ದುಬಾರಿ ಲೆಕ್ಕ ಮಾಡಿದ್ರೆ ಮಾತ್ರ ಸರಿಯಾದ ಕಾರಣಕ್ಕೆ 1.6 ಸಿಗತ್ತೆ. 2013, 2014ರ ಹೊತ್ತಿಗೆ ಇದು ಸ್ಪಷ್ಟ ಆಯ್ತು. ಡಿಫೆಕ್ಟ್ ಲೆಕ್ಕಕ್ಕೆ ಇದು ಯಾಕೆ ಮುಖ್ಯ ಅಂದ್ರೆ, ಗ್ಯಾಪ್‌ನ ಅಗಲ ಸರಿಯಿದ್ರೂ ಎರಡೂ ಅಂಚುಗಳ ಜಾಗ ತಪ್ಪಿರತ್ತೆ, ಅಂಚೇ ಸರಿದಿದ್ರೆ ಡಿಫೆಕ್ಟ್ ಲೆವೆಲ್ ಆಳದ್ದೋ ಮೇಲಿನದ್ದೋ ಅನ್ನೋ ತೀರ್ಪೂ ಬದಲಾಗತ್ತೆ. 2014ರಲ್ಲಿ ಯಿನ್, ಶಿ, ಯಾನ್ ಮಾಡಿದ ಹೆಸರಾಂತ ಲೆಕ್ಕದಲ್ಲಿ ಸುಲಭವಾಗಿ ಹುಟ್ಟೋ ಡಿಫೆಕ್ಟ್ ಎಲ್ಲಾ ಶ್ಯಾಲೋ, ಆಳದ ಲೆವೆಲ್ ಕೊಡೋವು, ಉದಾಹರಣೆಗೆ ಅಯೋಡಿನ್ ಜಾಗದಲ್ಲಿ ಸೀಸ ಕೂರೋ ಆಂಟಿಸೈಟ್, ಹುಟ್ಟೋಕೆ ತುಂಬಾ ಎನರ್ಜಿ ಬೇಕು ಅಂತ ಬಂತು. ಮೂಲ ಚಿತ್ರ ಇವತ್ತಿಗೂ ನಿಂತಿದೆ, ಆದ್ರೆ ಹೈಬ್ರಿಡ್ ಫಂಕ್ಷನಲ್ ಜೊತೆ ಸ್ಪಿನ್ ಆರ್ಬಿಟ್ ಹಾಕಿ ಮಾಡಿದ ನಂತರದ ಲೆಕ್ಕಗಳು ಒಂದು ಡಿಫೆಕ್ಟ್‌ನ ಆ "ನಿರಪಾಯ" ಪಟ್ಟಿಯಿಂದ ಹೊರಗೆ ತೆಗೆದ್ವು. ಅದಕ್ಕೆ ಆಮೇಲೆ ಬರ್ತೀನಿ, ಮೊದ್ಲು ನಿಮ್ಮ ಟೆಂಪರೇಚರ್ ಪ್ರಶ್ನೆ.

ವೇಲೆನ್ಸ್ ತುದಿ ಆಂಟಿಬಾಂಡಿಂಗ್ ಅಂತ ಒಪ್ಕೊಂಡ್ರೆ ಉತ್ತರ ಅರ್ಧ ತಾನಾಗೇ ಬರತ್ತೆ. ಬಿಸಿ ಮಾಡಿದ್ರೆ ಲ್ಯಾಟಿಸ್ ಹಿಗ್ಗತ್ತೆ, ಸೀಸ ಅಯೋಡಿನ್ ದೂರ ಆಗತ್ವೆ, s ಮತ್ತು p ಓವರ್‌ಲ್ಯಾಪ್ ಕಮ್ಮಿ ಆಗತ್ತೆ. ಓವರ್‌ಲ್ಯಾಪ್ ಕಮ್ಮಿ ಆದ್ರೆ ಮೇಲಕ್ಕೆ ತಳ್ಳೋ ಬಲ ಕಮ್ಮಿ, ವೇಲೆನ್ಸ್ ತುದಿ ಕೆಳಗಿಳಿಯತ್ತೆ. ಕಂಡಕ್ಷನ್ ತಳಕ್ಕೆ ಈ ದೂರದ ಪರಿಣಾಮ ಅಷ್ಟಿಲ್ಲ, ಹಾಗಾಗಿ ಗ್ಯಾಪ್ ಅಗಲ ಆಗತ್ತೆ. ಜೊತೆಗೆ ಇದು ಮೆತ್ತನೆ ವಸ್ತು, ಸಿಲಿಕಾನ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗತ್ತೆ. ಆದ್ರೆ ಹಿಗ್ಗೋದೊಂದೇ ಕಾರಣ ಅಂತ ಪರೀಕ್ಷೇಲಿ ಬರೀಬೇಡಿ, ಇಲೆಕ್ಟ್ರಾನ್ ಫೋನಾನ್ ಕಪ್ಲಿಂಗ್ ಕೂಡ ಇಲ್ಲಿ ಗ್ಯಾಪನ್ನ ಅಗಲ ಮಾಡೋ ದಿಕ್ಕಲ್ಲೇ ಎಳೆಯತ್ತೆ, ಎರಡರ ಪಾಲೂ ಹತ್ತಿರ ಹತ್ತಿರ ಸಮ. ರೂಮ್ ಟೆಂಪರೇಚರ್ ಆಸುಪಾಸಲ್ಲಿ ಒಂದು ಡಿಗ್ರಿಗೆ ಸುಮಾರು 0.3 ಮಿಲಿ ಇಲೆಕ್ಟ್ರಾನ್ ವೋಲ್ಟ್ ಏರತ್ತೆ, 40 ಡಿಗ್ರಿ ಬಿಸಿಯಾದ್ರೆ 12 ಮಿಲಿ ಇಲೆಕ್ಟ್ರಾನ್ ವೋಲ್ಟ್. ಸಿಲಿಕಾನ್ ಅಷ್ಟೇ ಬಿಸಿಗೆ ಹೆಚ್ಚುಕಮ್ಮಿ ಅಷ್ಟೇ ಪ್ರಮಾಣ ಇಳಿಯತ್ತೆ. ಇದೇ ಉಲ್ಟಾ ನಡವಳಿಕೆ PbS, PbSe, PbTeಗಳಲ್ಲೂ ಇದೆ, ಅದು ದಶಕಗಳ ಹಿಂದೆಯೇ ಗೊತ್ತಿದ್ದ ವಿಷಯ, ಅಲ್ಲೂ ಇರೋದು 6s ತುಂಬಿದ ಸೀಸಾನೇ.

ಒಂದು ವಿವರಣೆ ಸರಿಯೋ ಅಲ್ವೋ ಅಂತ ನೋಡ್ಬೇಕು ಅಂದ್ರೆ ಅದನ್ನ ಬೇರೆ ಕಡೆಯಿಂದ ತಳ್ಳಿ ನೋಡ್ಬೇಕು. ಬಿಸಿ ಮಾಡೋ ಬದಲು ಒತ್ತಿ ನೋಡೋಣ. ಒತ್ತಿದ್ರೆ ಸೀಸ ಅಯೋಡಿನ್ ಹತ್ತಿರ ಬರ್ಬೇಕು, ಓವರ್‌ಲ್ಯಾಪ್ ಹೆಚ್ಚಾಗ್ಬೇಕು, ವೇಲೆನ್ಸ್ ತುದಿ ಮೇಲೇರ್ಬೇಕು, ಗ್ಯಾಪ್ ಕಿರಿದಾಗ್ಬೇಕು. ಡೈಮಂಡ್ ಆನ್ವಿಲ್‌ನಲ್ಲಿ ಹಾಕಿ ಒತ್ತಿದಾಗ ಶುರುವಲ್ಲಿ ಹಾಗೇ ಆಗತ್ತೆ, ಫೋಟೊಲುಮಿನೆಸೆನ್ಸ್ ಪೀಕ್ ಕೆಂಪು ಕಡೆ ಸರಿಯತ್ತೆ. ಸುಮಾರು 0.3 ಗಿಗಾಪಾಸ್ಕಲ್ ಬಂದಾಗ ಇದ್ದಕ್ಕಿದ್ದ ಹಾಗೆ ನೀಲಿ ಕಡೆ ಹಾರತ್ತೆ. ಯಾಕೆ? ಅಲ್ಲಿ ಫೇಸ್ ಬದಲಾಗತ್ತೆ, ಇನ್ನು ಹತ್ತಿರ ಬರೋಕೆ ಜಾಗ ಇಲ್ದೆ ಆಕ್ಟಹೀಡ್ರನ್‌ಗಳು ವಾಲಿಕೊಳ್ಳತ್ವೆ, Pb–I–Pb ಕೋನ 180ರಿಂದ ಇನ್ನಷ್ಟು ದೂರ ಬಾಗತ್ತೆ. ಕೋನ ಬಾಗಿದ್ರೆ ಅಯೋಡಿನ್‌ನ p ಕಿವಿ ಎರಡೂ ಸೀಸದ ಕಡೆಗೆ ನೇರ ಮುಖ ಮಾಡಲ್ಲ, ಓವರ್‌ಲ್ಯಾಪ್ ಇಳಿಯತ್ತೆ, ಗ್ಯಾಪ್ ಏರತ್ತೆ. ತಣ್ಣಗೆ ಮಾಡುವಾಗಲೂ ಇದೇ ಕಾಣತ್ತೆ, ತಂಪಾಗ್ತಾ ಗ್ಯಾಪ್ ನಿಧಾನಕ್ಕೆ ಇಳೀತಾ ಬಂದು, 160 ಕೆಲ್ವಿನ್ ಹತ್ತಿರ ಆರ್ಥೊರಾಂಬಿಕ್ ಫೇಸ್‌ಗೆ ಬಿದ್ದಾಗ ಒಂದೇ ಸಲ ಮೇಲಕ್ಕೆ ಹಾರತ್ತೆ, ಆ ಫೇಸ್‌ನಲ್ಲಿ ವಾಲೋದು ಜಾಸ್ತಿ. ದೂರ ಮತ್ತು ಕೋನ, ಈ ಎರಡೇ ಹಿಡಿಕೆ ತಿರುಗಿಸಿ ಇಷ್ಟೆಲ್ಲಾ ಅರ್ಥ ಆಗತ್ತೆ ಅನ್ನೋದೇ ನನಗೆ ಈ ವಸ್ತುವಿನ ಬಗ್ಗೆ ತುಂಬಾ ಇಷ್ಟದ ವಿಷಯ.

ಈಗ ಮಿತಿಗಳು, ಇದನ್ನ ಬಿಟ್ರೆ ಉತ್ತರ ಅರ್ಧ ಸುಳ್ಳಾಗತ್ತೆ. ಮೇಲೆ ಹೇಳಿದ ವಾದ ಪೂರ್ತಿ ಮುರಿದ Pb–I ಬಾಂಡ್‌ಗೆ ಸಂಬಂಧಪಟ್ಟಿದ್ದು. ಡಿಫೆಕ್ಟ್ ಬಾಂಡ್ ಮುರಿಯೋ ಬದಲು ಹೊಸ ಥರದ ಬಾಂಡ್ ಮಾಡಿಕೊಂಡ್ರೆ ಆ ವಾದ ನಡೆಯಲ್ಲ. ಅದಕ್ಕೆ ಸರಿಯಾದ ಉದಾಹರಣೆ ಅಯೋಡಿನ್ ಇಂಟರ್‌ಸ್ಟಿಶಿಯಲ್, ಅಂದ್ರೆ ಲ್ಯಾಟಿಸ್ ಜಾಗದಲ್ಲಿ ಅಲ್ದೆ ಸಂದೀಲಿ ಸಿಕ್ಕಿಹಾಕ್ಕೊಂಡಿರೋ ಹೆಚ್ಚುವರಿ ಅಯೋಡಿನ್. ಅಯೋಡಿನ್‌ಗೆ ಅಯೋಡಿನ್ ಜೊತೆ ಬಾಂಡ್ ಮಾಡೋದು ಇಷ್ಟ, I2, I3– ಎಲ್ಲಾ ನೀವು ಕೆಮಿಸ್ಟ್ರಿ ಲ್ಯಾಬಲ್ಲಿ ನೋಡಿರೋವೇ. ಸಂದೀಲಿರೋ ಅಯೋಡಿನ್ ಪಕ್ಕದ ಲ್ಯಾಟಿಸ್ ಅಯೋಡಿನ್ ಜೊತೆ ಸೇರಿ ಹಾಗೇ ಮಾಡ್ಕೊಳತ್ತೆ, ಆ ಅಯೋಡಿನ್ ಅಯೋಡಿನ್ ಬಾಂಡ್‌ನ ಲೆವೆಲ್‌ಗಳು ಗ್ಯಾಪ್ ಒಳಗೆ ಬರತ್ವೆ, ಹೋಲ್‌ಗಳನ್ನ ಹಿಡಿಯತ್ವೆ. 2018ರಲ್ಲಿ ಇಟಲಿಯ ಡಿ ಆಂಜೆಲಿಸ್ ಅವರ ಗುಂಪು ಇದನ್ನ ವಿವರವಾಗಿ ತೋರಿಸಿದ್ರು, ಈ ವಸ್ತುವಿನ ಟ್ರಾಪ್ ಕತೆ ಅಂದ್ರೆ ಬಹುಪಾಲು ಅಯೋಡಿನ್ ಕೆಮಿಸ್ಟ್ರಿ ಕತೆ ಅಂತ. 2021ರಲ್ಲಿ ವ್ಯಾನ್ ಡಿ ವಾಲೆ ಅವರ ಗುಂಪು ಇನ್ನೊಂದು ಕಡೆ ಬೊಟ್ಟು ಮಾಡಿದ್ರು, ಮೀಥೈಲ್ ಅಮೋನಿಯಂನಿಂದ ಒಂದು ಹೈಡ್ರೊಜನ್ ಕಿತ್ತುಹೋದ್ರೂ ಆಳದ ಲೆವೆಲ್ ಆಗತ್ತೆ, ಫಾರ್ಮಮಿಡಿನಿಯಂನಲ್ಲಿ ಆ ಕಾಟ ಕಮ್ಮಿ ಅಂತ. ಮಾಲಿಕ್ಯೂಲ್‌ಗೆ ಬ್ಯಾಂಡ್ ಅಂಚಲ್ಲಿ ಪಾತ್ರ ಇಲ್ಲ ಅಂತ ಮೇಲೆ ಹೇಳಿದ್ನಲ್ಲ, ಅದು ಇಡೀ ಮಾಲಿಕ್ಯೂಲ್‌ಗೆ ಸರಿ, ಮುರಿದಿದ್ದಕ್ಕೆ ಅಲ್ಲ.

ಲ್ಯಾಟಿಸ್ ಮೆತ್ತಗಿರೋದಕ್ಕೂ ಎರಡು ಮುಖ. ಅದರಿಂದ ಡೈಎಲೆಕ್ಟ್ರಿಕ್ ಸ್ಕ್ರೀನಿಂಗ್ ಜಾಸ್ತಿ, ಚಾರ್ಜ್ ಇರೋ ಡಿಫೆಕ್ಟ್ ದೂರದಿಂದ ಇಲೆಕ್ಟ್ರಾನ್‌ನ ಎಳೆಯೋಕೆ ಆಗಲ್ಲ, ಇದು ಲಾಭ. ನಷ್ಟ ಏನಂದ್ರೆ ಅಯೋಡಿನ್ ವೇಕೆನ್ಸಿಗಳು ಸುಲಭವಾಗಿ ಓಡಾಡತ್ವೆ. ಟ್ರಾಪ್ ಆಗಿ ಅವು ಸಾಧುಗಳೇ, ಆದ್ರೆ ವೋಲ್ಟೇಜ್ ಕೊಟ್ಟಾಗ ಒಂದು ಬದಿಗೆ ಸರಿದು ಫೀಲ್ಡ್‌ನೇ ಬದಲಾಯಿಸಿಬಿಡತ್ವೆ. ಸೆಲ್‌ನ IV ಕರ್ವ್ ಮೇಲಿಂದ ಕೆಳಗೆ ಸ್ಕ್ಯಾನ್ ಮಾಡಿದಾಗ ಒಂಥರ, ಕೆಳಗಿಂದ ಮೇಲೆ ಸ್ಕ್ಯಾನ್ ಮಾಡಿದಾಗ ಒಂಥರ ಬರೋ ಹಿಸ್ಟೆರಿಸಿಸ್‌ಗೆ ಮುಖ್ಯ ಕಾರಣ ಇದೇ. ಪೇಪರ್ ಓದುವಾಗ ಒಂದೇ ದಿಕ್ಕಿನ ಸ್ಕ್ಯಾನ್ ಕೊಟ್ಟಿದ್ರೆ ಆ ಎಫಿಶಿಯೆನ್ಸಿ ಅಂಕಿಯನ್ನ ನಾನು ಗಟ್ಟಿ ಅಂತ ತಗೊಳಲ್ಲ, ನೀವೂ ತಗೋಬೇಡಿ.

ಹಾಗಾದ್ರೆ ಒಂದು ಫಿಲ್ಮ್‌ನಲ್ಲಿ ಡಿಫೆಕ್ಟ್ ನಿಜವಾಗಿ ಎಷ್ಟು ಹಾನಿ ಮಾಡ್ತಿದೆ ಅಂತ ತಿಳಿಯೋದು ಹೇಗೆ? ಟ್ರಾಪ್ ಎಣಿಸೋಕೆ ಹೋಗೋದಕ್ಕಿಂತ ನೇರ ದಾರಿ ಬೆಳಕು. ಲೇಸರ್ ಬಿಟ್ಟು, ಹೀರಿದ ಪ್ರತಿ ಫೋಟಾನ್‌ಗೆ ಎಷ್ಟು ಫೋಟಾನ್ ವಾಪಸ್ ಹೊಳೆದು ಬರತ್ತೆ ಅಂತ ಇಂಟಿಗ್ರೇಟಿಂಗ್ ಸ್ಫಿಯರ್‌ನಲ್ಲಿ ಅಳೀರಿ, ಅದೇ ಫೋಟೊಲುಮಿನೆಸೆನ್ಸ್ ಕ್ವಾಂಟಂ ಯೀಲ್ಡ್, ಚಿಕ್ಕದಾಗಿ PLQY. ಅಳೆಯುವಾಗ ಬೆಳಕಿನ ತೀವ್ರತೆ ಒಂದು ಸೂರ್ಯನಷ್ಟೇ ಇರ್ಲಿ, ಜಾಸ್ತಿ ಬಿಟ್ರೆ ಟ್ರಾಪ್‌ಗಳೆಲ್ಲಾ ತುಂಬಿಹೋಗಿ ಫಿಲ್ಮ್ ಇರೋದಕ್ಕಿಂತ ಚೆನ್ನಾಗಿ ಕಾಣತ್ತೆ. ಟ್ರಾಪ್‌ಗಳಲ್ಲಿ ಸತ್ತವು ಹೊಳೆಯಲ್ಲ, ಹಾಗಾಗಿ ಈ ಒಂದು ಅಂಕಿ ನಷ್ಟ ಹೇಳತ್ತೆ. ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದ್ರೆ Voc, ಎಷ್ಟು ನಷ್ಟ ಆಗತ್ತೆ ಅನ್ನೋ ಸೂತ್ರ ಸರಳ:

ΔVoc = (kT/q) × ln(1/PLQY)

ಅಂದ್ರೆ ಯೀಲ್ಡ್ ಹತ್ತು ಪಟ್ಟು ಇಳಿದ ಪ್ರತಿ ಸಲ ಸುಮಾರು 0.06 ವೋಲ್ಟ್ ಹೋಯ್ತು. 1.6ರ ಗ್ಯಾಪ್‌ಗೆ ಡಿಫೆಕ್ಟ್ ಏನೂ ಇಲ್ದೆ ಸಿಗಬಹುದಾದ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸುಮಾರು 1.32 ಅಂತ ಇಟ್ಕೊಳ್ಳಿ. ಗಾಜಿನ ಮೇಲಿನ ಬರೀ ಫಿಲ್ಮ್ 10% ಹೊಳೆದ್ರೆ 1.26 ಸಿಗಬಹುದು. ಅದರ ಮೇಲೆ ಇಲೆಕ್ಟ್ರಾನ್ ಒಯ್ಯೋ C60 ಪದರ ಹಾಕಿ ಮತ್ತೆ ಅಳೀರಿ, ಯೀಲ್ಡ್ 0.1%ಗೆ ಬಿತ್ತು ಅಂದ್ರೆ ಇನ್ನೂ ಎರಡು ಡೆಕೇಡ್ ಹೋಯ್ತು, ಈಗ 1.14. ಫಿಲ್ಮ್ ಅದೇ, ಗ್ರೇನ್ ಅವೇ, ನಷ್ಟ ಆಗಿದ್ದು ಪೂರ್ತಿ ಇಂಟರ್‌ಫೇಸ್‌ನಲ್ಲಿ. ಹೀಗೆ ಪದರ ಪದರ ಹಾಕ್ತಾ ಅಳೆದ್ರೆ ಕಳ್ಳ ಎಲ್ಲಿದ್ದಾನೆ ಅಂತ ಸಿಕ್ಕಿಬೀಳತ್ತೆ. ಈಗಿನ ಒಳ್ಳೇ ಸೆಲ್‌ಗಳಲ್ಲಿ ಬಲ್ಕ್‌ಗಿಂತ ಇಂಟರ್‌ಫೇಸ್ ನಷ್ಟವೇ ಸಾಮಾನ್ಯವಾಗಿ ದೊಡ್ಡದು, ಅದಕ್ಕೇ ಎಲ್ಲರೂ ಸರ್ಫೇಸ್ ಪ್ಯಾಸಿವೇಷನ್, ಅಂದ್ರೆ ಮೇಲ್ಮೈಯ ಟ್ರಾಪ್‌ಗಳನ್ನ ಮುಚ್ಚೋ ಕೆಲಸ, ಅದರ ಹಿಂದೆ ಬಿದ್ದಿರೋದು. ಡಿಫೆಕ್ಟ್ ಟಾಲರೆಂಟ್ ಅಂತ ಹೆಸರಿರೋ ವಸ್ತುವಿಗೆ ಇಷ್ಟೊಂದು ಪ್ಯಾಸಿವೇಷನ್ ಯಾಕೆ ಅಂತ ಸ್ಟೂಡೆಂಟ್ಸ್ ಕೇಳ್ತಾನೇ ಇರ್ತಾರೆ, ಉತ್ತರ ಇದೇ, ಒಳಗಿನ ವೇಕೆನ್ಸಿಗೆ ಹೇಳಿದ ಮಾತು ಮೇಲ್ಮೈಗೆ, ಅದೂ ಬೇರೆ ವಸ್ತು ತಾಗಿರೋ ಮೇಲ್ಮೈಗೆ, ಹಾಗೇ ಅನ್ವಯ ಆಗಲ್ಲ.

ಕೊನೇದಾಗಿ ಒಂದು ಕೇಸು, ಇದನ್ನ ನೀವೇ ಬಿಡಿಸಬಹುದು. ಸೀಸ ವಿಷ, ತೆಗೆದು ತವರ ಹಾಕೋಣ ಅಂದ್ರೆ ಏನಾಗತ್ತೆ? ತವರದಲ್ಲೂ s ತುಂಬಿದೆ, 5s, ಹಾಗಾಗಿ ಅದೇ ಆಂಟಿಬಾಂಡಿಂಗ್ ತುದಿ ಸಿಗತ್ತೆ. ಆದ್ರೆ ಸೀಸದ 6s ರಿಲೆಟಿವಿಸ್ಟಿಕ್ ಪರಿಣಾಮದಿಂದ ನ್ಯೂಕ್ಲಿಯಸ್ ಕಡೆ ಸರಿದು ಕೆಳಗಿಳಿದಿದೆ, ತವರದ 5s ಅದಕ್ಕಿಂತ ಮೇಲಿದೆ. ಹಾಗಾಗಿ ವೇಲೆನ್ಸ್ ತುದಿ ಇನ್ನೂ ಮೇಲೆ ಹೋಗತ್ತೆ, ಅಲ್ಲಿಂದ ಇಲೆಕ್ಟ್ರಾನ್ ಕಿತ್ತುಕೊಳ್ಳೋದು ಸುಲಭ, Sn2+ ಗಾಳಿ ತಾಗಿದ್ರೆ Sn4+ ಆಗಿಬಿಡತ್ತೆ. ತವರದ ವೇಕೆನ್ಸಿ ಹುಟ್ಟೋಕೂ ಎನರ್ಜಿ ತುಂಬಾ ಕಮ್ಮಿ ಸಾಕು. ಅದು ಶ್ಯಾಲೋನೇ, ಟ್ರಾಪ್ ಲೆಕ್ಕದಲ್ಲಿ ಒಳ್ಳೇದೇ, ಆದ್ರೆ ಅಷ್ಟೊಂದು ಹುಟ್ಟಿದ್ರೆ ಫಿಲ್ಮ್ ತುಂಬಾ ಹೋಲ್ ತುಂಬ್ಕೊಂಡು, ಬೆಳಕಿಂದ ಹುಟ್ಟಿದ ಇಲೆಕ್ಟ್ರಾನ್ ಒಂದು ಹೆಜ್ಜೆ ಇಡೋಕೆ ಮುಂಚೆ ಹೋಲ್ ಸಿಕ್ಕಿಬಿಡತ್ತೆ. ಲೆವೆಲ್ ಶ್ಯಾಲೋ ಆಗಿದ್ರೆ ಸಾಲ್ದು, ಸಂಖ್ಯೇನೂ ಹಿಡಿತದಲ್ಲಿರ್ಬೇಕು ಅನ್ನೋಕೆ ಇದೇ ಸಾಕ್ಷಿ. ತವರದ ದ್ರಾವಣಕ್ಕೆ ಮಾಮೂಲಾಗಿ SnF2 ಸೇರಿಸೋದು ಈ ವೇಕೆನ್ಸಿ ಹುಟ್ಟೋದನ್ನ ಒತ್ತಿಹಿಡಿಯೋಕೇ.

ಇನ್ನು ಸೀಸ ತವರ ಅರ್ಧರ್ಧ ಹಾಕಿದ್ರೆ? CH3NH3PbI3ಯ ಗ್ಯಾಪ್ 1.6ರ ಹತ್ತಿರ, CH3NH3SnI3ದು 1.3ರ ಹತ್ತಿರ, ಮಿಶ್ರಣದ್ದು ಮಧ್ಯದಲ್ಲಿ ಎಲ್ಲೋ ಬರ್ಬೇಕು ಅನ್ಸತ್ತೆ, ಆದ್ರೆ ಬರೋದು ಎರಡಕ್ಕಿಂತ ಕಮ್ಮಿ, ಸುಮಾರು 1.2. ಈಗ ನಿಮಗೆ ಇದರ ಮುಖ್ಯ ಕಾರಣ ಗೊತ್ತಿದೆ. ವೇಲೆನ್ಸ್ ತುದಿಯನ್ನ ಮೇಲೆತ್ತೋದು ತವರದ 5s, ಕಂಡಕ್ಷನ್ ತಳವನ್ನ ಕೆಳಗಿಳಿಸೋದು ಸೀಸದ 6p, ಸ್ಪಿನ್ ಆರ್ಬಿಟ್ ಜೋರಾಗಿರೋದು ಅದರಲ್ಲೇ. ಮಿಶ್ರಣದಲ್ಲಿ ಮೇಲಿನ ಅಂಚು ಒಂದರದ್ದು, ಕೆಳಗಿನ ಅಂಚು ಇನ್ನೊಂದರದ್ದು. ಒಂದರ ಮೇಲೊಂದು ಸೆಲ್ ಕೂರಿಸಿ ಇಡೀ ಪೆರೋವ್‌ಸ್ಕೈಟ್‌ನಿಂದಲೇ ಮಾಡೋ ಟ್ಯಾಂಡೆಮ್ ಸೆಲ್‌ನಲ್ಲಿ ಕೆಳಗಿನ ಸೆಲ್‌ಗೆ ಈ ಸೀಸ ತವರದ ಮಿಶ್ರಣವನ್ನೇ ಬಳಸೋದು ಅದಕ್ಕೇ, ಶುದ್ಧ ಸೀಸದಿಂದ ಅಷ್ಟು ಕಿರಿದಾದ ಗ್ಯಾಪ್ ಸಿಗಲ್ಲ, ಶುದ್ಧ ತವರದಲ್ಲಿ ಹೋಲ್ ಕಾಟ ತಡೆಯೋಕಾಗಲ್ಲ.